ಟಾಪ್ ಪೂಲ್ ತೆರೆದಿದೆ

ಡೆಸ್ಪಿನಾ ಕುಕುವಾಸ್‌ಳಷ್ಟು ಹೆದರುಪುಕ್ಕಲಿಯನ್ನು ನಾನು ನಮ್ಮ ಡಾರ್ವಿನ್ ಊರಿನಲ್ಲಿ ಬೇರೆ ಕಂಡಿಲ್ಲ. ಅವಳಿಗೆ ಲಿಫ್ಟ್ ಅಂದರೆ ಭಯ, ಹಲ್ಲಿನ ಡಾಕ್ಟರ್ ಅಂದರೆ ಭಯ, ಗಂಡ ಗೊರಕೆ ಹೊಡೆದರೆ ಭಯ, ಹೊಡೆಯದಿದ್ದರೆ ಇನ್ನೂ ಭಯ. ನೀರಂತೂ ಕೇಳಲೇಬೇಡಿ. ಸಮುದ್ರದ ಪಕ್ಕದ ಊರಲ್ಲಿ ಐವತ್ತೇಳು ವರ್ಷ ಬದುಕಿದವಳು ಪಾದ ನೆನೆಸಿದ್ದು ಸ್ನಾನದ ಮನೆಯಲ್ಲಿ ಮಾತ್ರ. ಅವಳ ಅಜ್ಜ ಗ್ರೀಸಿನ ಕಲಿಮ್ನೋಸ್ ದ್ವೀಪದಲ್ಲಿ ಸಮುದ್ರದ ತಳದಿಂದ ಸ್ಪಂಜು ಕಿತ್ತು ತರುತ್ತಿದ್ದವನು. ಒಂದು ದಿನ ಆಳದಿಂದ ತೀರ ಬೇಗ ಮೇಲೆ ಬಂದ, ಆ ಒತ್ತಡಕ್ಕೆ ಕಾಲು ಸೋತು, ಆಮೇಲೆ ಅದನ್ನು ಎಳೆದುಕೊಂಡೇ ಬದುಕಿದ. ಮೊಮ್ಮಗಳಿಗೆ ಆ ಮನೆಯಿಂದ ಬಂದ ಆಸ್ತಿ ಅಂದರೆ ಭಯ ಒಂದೇ.

ಇನ್ನೊಂದು ಭಯ ಇಲ್ಲಿಯದು. ಎಪ್ಪತ್ತನಾಲ್ಕರ ಕ್ರಿಸ್‌ಮಸ್ ರಾತ್ರಿ ಚಂಡಮಾರುತ ಊರನ್ನು ನೆಲಸಮ ಮಾಡಿದಾಗ ಅವಳು ಆರು ವರ್ಷದ ಹುಡುಗಿ. ರೇಡಿಯೋ ಎಚ್ಚರಿಕೆ ಕೊಟ್ಟಿತ್ತು. ಆದರೆ ಅದೇ ತಿಂಗಳ ಮೊದಲಲ್ಲಿ ಇನ್ನೊಂದು ಬರುತ್ತದೆ ಎಂದು ಹೇಳಿ, ಅದು ಅತ್ತ ತಿರುಗಿ ಹೋಗಿತ್ತಲ್ಲ, ಜನ ಈ ಸಲ ನಕ್ಕು ಬಿಯರ್ ತೆರೆದರು. ಅವಳ ಅಪ್ಪನೂ ನಕ್ಕ. ಬೆಳಗಾದಾಗ ಮನೆ ಇರಲಿಲ್ಲ. ಸಾರ್ವಜನಿಕರಿಗೆ ಹೇಳುವ ಒಂದೊಂದು ಮಾತಿಗೂ ಯಾರದೋ ಮನೆಯ ಛಾವಣಿ ಜೋತುಬಿದ್ದಿರುತ್ತದೆ ಅನ್ನುವುದು ಅವಳ ನಂಬಿಕೆ. ನಾವು ನಗುತ್ತಿದ್ದೆವು.

ಇಂಥವಳು ಮಾಡುತ್ತಿದ್ದ ಕೆಲಸ ಏನೆಂದರೆ, ನಮ್ಮ ಪುಟ್ಟ ಪ್ರವಾಸೋದ್ಯಮ ಕಚೇರಿಯಲ್ಲಿ ಫೋಟೋಗಳ ಕೆಳಗಿನ ನಾಲ್ಕು ಸಾಲನ್ನು ತಿದ್ದುವುದು. ನಾನು ಲೂರ್ದೆಸ್, ಅವಳ ಎದುರು ಮೇಜಿನಲ್ಲಿ ಫೋನ್ ಎತ್ತುವವಳು. ಜಲಪಾತ, ಗೆದ್ದಲ ಗುಡ್ಡ, ಸಂಜೆಯ ಆಕಾಶ, ಇವುಗಳ ಚಿತ್ರವನ್ನು ಜಾಲತಾಣಗಳಲ್ಲಿ ಹಾಕಿ ಕೆಳಗೆ ಒಂದಿಷ್ಟು ಬೆಣ್ಣೆ ಮಾತು ಬರೆದರೆ ದಕ್ಷಿಣದ ಚಳಿಯ ಊರುಗಳಿಂದ ಜನ ಬರುತ್ತಾರೆ. ಮೊದಲು ಆ ಸಾಲುಗಳನ್ನು ಅವಳೇ ಬರೆಯುತ್ತಿದ್ದಳು. ಆಮೇಲೆ ಕಂಪ್ಯೂಟರಿನಲ್ಲಿ ತಾನೇ ಬರೆಯುವ ಯಂತ್ರ ಬಂತು. ಕಾಡಿನ ಪಾರ್ಕ್ ಕಾಯುವ ರೇಂಜರ್‌ಗಳ ಟಿಪ್ಪಣಿ, ಫೋಟೋ, ನಮ್ಮ ನಿಯಮಗಳ ಹಾಳೆ ಇಷ್ಟನ್ನು ತಿನ್ನಿಸಿದರೆ ಸಾಕು, ಕಾಫಿ ಆರುವುದರೊಳಗೆ ವಾರಕ್ಕಾಗುವಷ್ಟು ಸಾಲು ಕಕ್ಕುತ್ತಿತ್ತು. ನಾವು ಅದಕ್ಕೆ 'ಗಾಲಾ' ಎಂದು ಹೆಸರಿಟ್ಟೆವು. ಗಾಲಾ ಅಂದರೆ ಇಲ್ಲಿನ ಗುಲಾಬಿ ಎದೆಯ ಗಿಣಿ. ತಿಳಿಯದೆ ಬಡಬಡಿಸುವವರಿಗೂ ಇಲ್ಲಿ ಅದೇ ಹೆಸರು.

ನಿಯಮಗಳ ಹಾಳೆಯನ್ನು ಮಾಡಿದವಳು ನಮ್ಮ ಮ್ಯಾನೇಜರ್ ಬ್ರೈಡೀ. ಮೆಲ್ಬರ್ನ್‌ನಿಂದ ಬಂದವಳು, ಚುರುಕು, ಕೆಟ್ಟವಳಲ್ಲ. ನಮ್ಮ ಕಚೇರಿಯ ದನಿ ಹೇಗಿರಬೇಕು ಎಂದು ಅದರಲ್ಲಿತ್ತು. ಪಕ್ಕದ ಮನೆಯವರು ಬೇಲಿ ಮೇಲಿಂದ ಮಾತಾಡಿದ ಹಾಗೆ ಬರೆ. 'ಸ್ವರ್ಗ' ಅನ್ನಬೇಡ. ಉದ್ಗಾರ ಚಿಹ್ನೆ ಹಾಕಬೇಡ. ಇಲ್ಲದ್ದನ್ನು ಹೇಳಬೇಡ, ಇರುವುದನ್ನು ಹೇಳು. ಜಾಗಗಳನ್ನು ಊರವರು ಕರೆಯುವ ಹೆಸರಲ್ಲೇ ಕರೆ. ಕೊನೆಯಲ್ಲಿ ಮೊಸಳೆಯ ಎಚ್ಚರಿಕೆ ಸಾಲು ಇರಲೇಬೇಕು, ಅದರ ಒಂದು ಅಕ್ಷರವನ್ನೂ ಮುಟ್ಟಬಾರದು.

ಗಾಲಾ ಕಕ್ಕಿದ್ದನ್ನು ಡೆಸ್ಪಿನಾ ಎರಡು ಸಲ ಓದುತ್ತಿದ್ದಳು. ಮೊದಲ ಸಲ ದನಿಗಾಗಿ, ಎರಡನೆಯ ಸಲ ನಿಜಕ್ಕಾಗಿ. ನಿಜಕ್ಕಾಗಿ ಓದುವಾಗ ಪರೀಕ್ಷಿಸಬಹುದಾದ ಒಂದೊಂದು ಮಾತಿಗೂ ಹಳದಿ ಬಳಿದು, ಯಾರು ಹೇಳಿದ್ದು, ಯಾವತ್ತು ಹೇಳಿದ್ದು ಎಂದು ಪಕ್ಕದಲ್ಲಿ ಬರೆಯಬೇಕು. ಬರೆಯಲಾಗದಿದ್ದರೆ ಆ ಮಾತು ಹಾರಿತು. ರಸ್ತೆ, ಕೊಳ, ಪೆಟ್ರೋಲ್ ಬಂಕಿನಂಥ ಬೇಗ ಹಳಸುವ ಸಂಗತಿಗಳನ್ನು ಪೋಸ್ಟ್ ಹೊರಡುವ ದಿನ ಬೆಳಗ್ಗೆ ಮತ್ತೆ ನೋಡಬೇಕು. ಹಳದಿ ಬಳಿದು ಮುಗಿದ ಮೇಲೆ ಬ್ರೈಡೀ ಓದಿ ಒಪ್ಪಬೇಕು. ಆಮೇಲೇ ಹೊರಡುವ ಹೊತ್ತು ಗೊತ್ತುಮಾಡಿ ಅದನ್ನು ಸರದಿಗೆ ಹಚ್ಚುವುದು. ಹಚ್ಚುವ ಗುಂಡಿ ಒತ್ತುವ ಮುಂಚೆ ಡೆಸ್ಪಿನಾ ದೃಷ್ಟಿ ತಾಗದಿರಲಿ ಎಂದು ಗ್ರೀಕ್ ಮುದುಕಿಯರ ಹಾಗೆ "ಫ್ತೂ, ಫ್ತೂ, ಫ್ತೂ" ಎಂದು ಉಗಿದಂತೆ ಮಾಡುತ್ತಿದ್ದಳು.

"ಕಂಪ್ಯೂಟರ್ ತುಕ್ಕು ಹಿಡಿಯುತ್ತೆ ಕಣೇ," ಎಂದು ನಾನು ರೇಗಿಸುತ್ತಿದ್ದೆ.

"ಹಿಡೀಲಿ ಬಿಡು. ಮಾತಿಗೆ ಹಿಡಿದ್ರೆ ಕಷ್ಟ."

ಅವಳ ಭಯದಿಂದ ನಮಗೆ ಲಾಭವೂ ಆಗಿತ್ತು, ಅದನ್ನು ಹೇಳದಿದ್ದರೆ ಪಾಪ ತಟ್ಟುತ್ತದೆ. ನದಿ ದಾಟುವ ಕಡೆ ಎಂಥ ಕಾರೂ ಹೋಗುತ್ತದೆ ಎಂದು ಗಾಲಾ ಒಮ್ಮೆ ಬರೆದಿತ್ತು. ಟಿಪ್ಪಣಿಯಲ್ಲಿ ಹಾಗಿರಲೇ ಇಲ್ಲ, ಕೇಳಲು ಚೆನ್ನಾಗಿದೆ ಎಂದು ಸೇರಿಸಿಕೊಂಡಿತ್ತು. ಮೂಲನಿವಾಸಿ ಹಿರಿಯರು ಫೋಟೋ ತೆಗೆಯಬೇಡಿ ಎಂದಿದ್ದ ಬಂಡೆಯ ಮುಂದೆ ಸೆಲ್ಫಿ ತೆಗೆದುಕೊಳ್ಳಿ ಎಂದು ಇನ್ನೊಮ್ಮೆ ಕರೆದಿತ್ತು. ಎರಡನ್ನೂ ಹಿಡಿದವಳು ಡೆಸ್ಪಿನಾ. ಗಾಲಾ ಹೆದರುವುದಿಲ್ಲ, ಅದಕ್ಕೇ ಅದರ ಪಾಲಿನ ಭಯವನ್ನೂ ನಾನೇ ಹೆದರಬೇಕು ಎನ್ನುತ್ತಿದ್ದಳು.

ಆ ವರ್ಷ ಮಳೆಗಾಲ ಜಗ್ಗಿಬಿಟ್ಟಿತ್ತು. ಮಳೆಗಾಲದಲ್ಲಿ ನದಿಗಳು ಉಕ್ಕಿ, ಉಪ್ಪುನೀರಿನ ದೊಡ್ಡ ಮೊಸಳೆಗಳು ಮೈಲಿಗಟ್ಟಲೆ ಒಳನಾಡಿಗೆ ಈಜಿ ಬರುತ್ತವೆ. ಹೆಸರು ಉಪ್ಪುನೀರಿನದು, ಸಿಹಿನೀರಲ್ಲೂ ಅವಕ್ಕೆ ಸುಖವೇ. ಮಳೆ ನಿಂತ ಮೇಲೆ ರೇಂಜರ್‌ಗಳು ಒಂದೊಂದೇ ಕೊಳಕ್ಕೆ ಬೋನು ಇಟ್ಟು, ಟಾರ್ಚ್ ಹಾಕಿ ಹುಡುಕಿ, ಖಾತ್ರಿಯಾದ ಮೇಲೆ ಈಜಲು ತೆರೆಯುತ್ತಾರೆ. ಊರಿಗೆ ಊರೇ ಅದಕ್ಕೆ ಕಾಯುತ್ತಿರುತ್ತದೆ. ಹ್ಯಾನ್‌ಲನ್ ಜಲಪಾತ ಯಾವಾಗ ತೆರೆಯುತ್ತೆ ಎಂಬ ಒಂದೇ ಪ್ರಶ್ನೆಗೆ ಉತ್ತರ ಕೊಟ್ಟು ನನ್ನ ಗಂಟಲು ಒಣಗಿತ್ತು.

ಹ್ಯಾನ್‌ಲನ್‌ನಲ್ಲಿ ಎರಡು ಕೊಳ. ಜಲಪಾತದ ನೆತ್ತಿಯ ಮೇಲೆ ಬಂಡೆಗಳ ನಡುವೆ ಒಂದು ಸಣ್ಣದು. ಬುಡದಲ್ಲಿ, ನೀರು ಬೀಳುವ ಕಡೆ, ಒಂದು ದೊಡ್ಡದು. ಒಂದು ಶುಕ್ರವಾರ ರೇಂಜರ್ ವಾರ್ವಿಕ್ ಟಿಪ್ಪಣಿ ಕಳಿಸಿದ. ಹ್ಯಾನ್‌ಲನ್ ಅಪ್ಪರ್ ಪೂಲ್ ನಾಳೆಯಿಂದ ಈಜಿಗೆ ತೆರೆದಿರುತ್ತದೆ, ಲೋವರ್ ಪೂಲ್ ಮುಂದಿನ ಸೂಚನೆಯವರೆಗೆ ಮುಚ್ಚಿರುತ್ತದೆ. ಅಷ್ಟೇ.

ಗಾಲಾ ಬರೆಯಿತು: "ಮಳೆ ಮುಗೀತು, ಬಂಡೆ ಇನ್ನೂ ತಂಪಾಗಿದೆ. ಟವೆಲ್ ಹೆಗಲಿಗೆ ಹಾಕಿ ಹೊರಡಿ. ಹ್ಯಾನ್‌ಲನ್‌ನ ಟಾಪ್ ಪೂಲ್ ಶನಿವಾರದಿಂದ ಈಜಿಗೆ ತೆರೆದಿದೆ."

ದನಿ ಸೊಗಸಾಗಿತ್ತು. ಉದ್ಗಾರ ಇಲ್ಲ, ಸ್ವರ್ಗ ಇಲ್ಲ. ಮುಚ್ಚಿದ ಕೊಳದ ಸುದ್ದಿ ಬಿಟ್ಟುಹೋಗಿತ್ತು, ಇಲ್ಲದ್ದನ್ನು ಹೇಳಬೇಡ ಎಂದು ನಾವೇ ಕಲಿಸಿದ್ದೆವಲ್ಲ. ಮೊಸಳೆಯ ಎಚ್ಚರಿಕೆ ಸಾಲು ಅಕ್ಷರ ಬಿಡದೆ ಕೊನೆಯಲ್ಲಿತ್ತು. ಡೆಸ್ಪಿನಾ 'ಟಾಪ್ ಪೂಲ್ ತೆರೆದಿದೆ' ಎಂಬುದಕ್ಕೆ ಹಳದಿ ಬಳಿದಳು. ಟಿಪ್ಪಣಿ ನೋಡಿದಳು. ಅಪ್ಪರ್ ಅಂದರೆ ಮೇಲಿನದು, ಟಾಪ್ ಅಂದರೂ ಮೇಲಿನದು. ಊರವರ ಹೆಸರು ಹಾಕಿದೆ, ಸರಿ. ವಾರ್ವಿಕ್, ಶುಕ್ರವಾರ ಎಂದು ಪಕ್ಕದಲ್ಲಿ ಬರೆದಳು. ಬ್ರೈಡೀ ಓದಿ ಒಪ್ಪಿದಳು. ಶನಿವಾರ ಬೆಳಗ್ಗೆ ಎದ್ದವಳೇ ಡೆಸ್ಪಿನಾ ರೇಂಜರ್‌ಗಳ ಪುಟ ಮತ್ತೊಮ್ಮೆ ನೋಡಿದಳು. ಅಪ್ಪರ್ ಪೂಲ್: ತೆರೆದಿದೆ. ಪೋಸ್ಟ್ ಹೊತ್ತಿಗೆ ಸರಿಯಾಗಿ ಹೊರಟಿತು. ಒಂದು ಹೆಜ್ಜೆಯನ್ನೂ ಅವಳು ಬಿಟ್ಟಿರಲಿಲ್ಲ, ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಆ ಬೆಳಗ್ಗೆ ನಾವಿಬ್ಬರೂ ಪಾರಪ್ ಸಂತೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಲಕ್ಸಾ, ಅಂದರೆ ತೆಂಗಿನ ಹಾಲಿನ ಖಾರದ ನೂಡಲ್ಸ್ ಸಾರು, ತಿನ್ನುತ್ತಿದ್ದೆವು. ಶನಿವಾರದ ಲಕ್ಸಾ ತಪ್ಪಿಸಿದರೆ ನಮಗೆ ವಾರವೇ ಶುರುವಾಗುವುದಿಲ್ಲ. ಅವಳ ಫೋನ್ ಟಿಂಗ್ ಎಂದಿತು. ಓದಿ ಮುಖ ಅರಳಿಸಿದಳು.

"ಕಲಿಯೋಪಿ ಕಣೇ, ನನ್ನ ಅಣ್ಣನ ಮಗಳು. 'ಥಿಯಾ, ನಿಮ್ಮ ಪೋಸ್ಟ್ ನೋಡಿದ್ವಿ, ಮಕ್ಕಳು ಕುಣಿದಾಡ್ತಿವೆ, ಎಲ್ಲ ಟಾಪ್ ಪೂಲ್‌ಗೆ ಹೊರಟಿದೀವಿ' ಅಂತೆ. ನೋಡು, ನನ್ನ ಮನೆಯವ್ರೂ ನಾನು ಬರೆದದ್ದು ಓದ್ತಾರೆ."

ಥಿಯಾ ಅಂದರೆ ಅತ್ತೆ. ಆ ಮಕ್ಕಳಿಗೂ ಇವಳು ಥಿಯಾನೇ.

"ಅಯ್ಯೋ, ಕೆಳಗಿಂದೂ ತೆರೆದುಬಿಟ್ರಾ ಅಷ್ಟು ಬೇಗ? ಬೋನು ಇನ್ನೂ ಅಲ್ಲೇ ಇದೆ ಅಂತಿದ್ರಲ್ಲ," ಎಂದೆ ನಾನು.

"ಕೆಳಗಿನದಲ್ಲ ಮಾರಾಯ್ತಿ, ಟಾಪ್."

"ಟಾಪ್ ಅಂದ್ರೇ ಕೆಳಗಿಂದು."

ಅವಳು ನಕ್ಕಳು. "ಲೂರ್ದೆಸ್, ಬೆಳಿಗ್ಗೆ ಬೆಳಿಗ್ಗೆನೇ ಬಿಯರಾ?"

"ಡೆಸ್ಪಿನಾ, ನೀನು ಅಲ್ಲಿಗೆ ಒಂದು ಸಲಾನೂ ಹೋಗಿಲ್ವಾ? ಎತ್ತರದಲ್ಲಿದೆ ಅಂತ ಟಾಪ್ ಅನ್ನೋದಲ್ಲ. ಸಖತ್ ಜಾಗ, ಟಾಪ್ ಜಾಗ ಅಂತೀವಲ್ಲ, ಆ ಟಾಪ್. ನಮ್ಮಪ್ಪನ ಕಾಲದಿಂದ ಬುಡದ ಕೊಳಕ್ಕೇ ಟಾಪ್ ಪೂಲ್ ಅನ್ನೋದು."

ಅವಳ ಕೈಯಲ್ಲಿದ್ದ ಚಮಚ ಬಟ್ಟಲಿಗೆ ಬಿತ್ತು. ಲಕ್ಸಾ ಬಿಳಿ ಅಂಗಿಯ ಮೇಲೆಲ್ಲ ಚಿಮ್ಮಿತು. ಅವಳಿಗೆ ಅದು ಕಾಣಲೇ ಇಲ್ಲ. ನನಗೂ ಆಗಲೇ ಹೊಳೆದದ್ದು. ಮುಚ್ಚಿದ ಕೊಳ, ಒಳಗೆ ಬೋನು, ಬೋನಿಗಿನ್ನೂ ಬೀಳದ ಪ್ರಾಣಿ. ಅದರ ಬಾಗಿಲಲ್ಲಿ ನಿಂತು ನಾವು ಬನ್ನಿ ಬನ್ನಿ ಎಂದು ಊರನ್ನೆಲ್ಲ ಕರೆದಿದ್ದೆವು. ಅವಳು ಕಲಿಯೋಪಿಗೆ ಫೋನ್ ಮಾಡಿದಳು. ಹೋಗಲಿಲ್ಲ. ಹೆದ್ದಾರಿ ಬಿಟ್ಟು ಜಲಪಾತದ ಕಡೆ ತಿರುಗಿದ ಮೇಲೆ ಅಲ್ಲಿ ಸಿಗ್ನಲ್ ಇಲ್ಲ. ಮತ್ತೆ ಮಾಡಿದಳು, ಮತ್ತೆ ಮಾಡಿದಳು.

"ಪೋಸ್ಟ್ ತೆಗಿ ಮೊದಲು," ಎಂದು ನಾನು ಕೂಗಿದೆ. "ನಾನು ರೇಂಜರ್‌ಗೆ ಮಾಡ್ತೀನಿ."

ಪಕ್ಕದ ಮೇಜಿನವರು ತಿರುಗಿ ನೋಡಿದರು. ನೋಡಲಿ. ಡ್ಯೂಟಿ ಫೋನು ಬಡಿದುಕೊಂಡು ಬಡಿದುಕೊಂಡು ಕೊನೆಗೆ ವಾರ್ವಿಕ್ ಎತ್ತಿದ. ನಾನು ಹೇಳಿದ್ದನ್ನು ಕೇಳಿ ಅವನು ಒಂದು ಕೆಟ್ಟ ಮಾತು ಆಡಿದ. ಅದನ್ನು ಇಲ್ಲಿ ಬರೆಯಲಾರೆ.

"ನಾನು ಪಾರ್ಕಿನ ಆ ತುದೀಲಿದೀನಿ, ಲೂರ್ದೆಸ್. ಮೇಲಿಂದು ತೆರೆದಿದೀವಿ ಅಂತ ಕಾರ್ ಪಾರ್ಕ್ ಗೇಟೂ ತೆಗೆದಿಟ್ಟಿದೀವಿ. ಕವಲುದಾರೀಲಿ ಮುಚ್ಚಿದೆ ಅಂತ ಬೋರ್ಡಿದೆ, ಟೇಪ್ ಕಟ್ಟಿದೀನಿ. ಓದ್ತಾರೆ ಬಿಡಿ."

"ಓದದಿದ್ರೆ?"

ಗಾಡಿಯ ಬಾಗಿಲು ಬಡಿದ ಸದ್ದು ಕೇಳಿತು.

ಡೆಸ್ಪಿನಾ ಅಷ್ಟರಲ್ಲಿ ಹಾಕಿದ್ದ ಕಡೆಯಿಂದೆಲ್ಲ ಪೋಸ್ಟ್ ಕಿತ್ತು, ಸರದಿಯಲ್ಲಿದ್ದ ಉಳಿದವನ್ನೆಲ್ಲ ತಡೆದು, ಬ್ರೈಡೀಗೆ ಫೋನ್ ಹಚ್ಚಿದ್ದಳು. ಸ್ಪೀಕರ್ ಹಾಕಿದ್ದಳು.

"ಅಳಿಸಿದ್ರಲ್ಲ, ಒಳ್ಳೇದಾಯ್ತು," ಎಂದಳು ಬ್ರೈಡೀ. "ಸದ್ಯಕ್ಕೆ ಬೇರೇನೂ ಹಾಕ್ಬೇಡಿ. ತಿದ್ದುಪಡಿ ಹೇಗಿರ್ಬೇಕು ಅಂತ ಕೂತು ಯೋಚಿಸೋಣ. ಸೀಸನ್ ಶುರುವಲ್ಲೇ ಜನ ಗಾಬರಿಯಾದ್ರೆ... ನಾನು ಒಂದು ಮೆದುವಾದ ಡ್ರಾಫ್ಟ್ ಮಾಡ್ತೀನಿ, ನಮ್ಮ ದನೀಲಿ."

"ಅಳಿಸಿದ್ರೆ ಓದಿದವ್ರ ತಲೆಯಿಂದ ಅಳಿಸಿಹೋಗುತ್ತಾ ಬ್ರೈಡೀ?"

"ಡೆಸ್ಪಿನಾ, ದಯವಿಟ್ಟು ಕಾಯಿರಿ."

"ಅಲ್ಲಿ ನಮ್ಮ ಕಲಿಯೋಪಿ ಮಗಳು ಇರೀನಿ ಇದಾಳೆ. ಐದು ವರ್ಷದ್ದು. ನಾನು ಕಾಯಲ್ಲ."

ಜೀವಮಾನವಿಡೀ ಎಲ್ಲರಿಗೂ ಹೆದರಿದವಳು ಮ್ಯಾನೇಜರಳ ಫೋನನ್ನು ಹಾಗೆ ಕತ್ತರಿಸಿದ್ದನ್ನು ನಾನು ಕಣ್ಣಾರೆ ಕಂಡೆ. ಧೈರ್ಯದಿಂದಲ್ಲ. ಅವಳ ಭಯಕ್ಕೆ ಇನ್ನೂ ದೊಡ್ಡ ಭಯ ಸಿಕ್ಕಿತ್ತು. ಹೆಬ್ಬೆರಳಲ್ಲಿ ಬರೆದಳು: ಟಾಪ್ ಪೂಲ್ ಮುಚ್ಚಿದೆ. ನೀರಿಗೆ ಇಳಿಯಬೇಡಿ, ಅಲ್ಲಿ ಮೊಸಳೆ ಇರಬಹುದು. ತೆರೆದಿದೆ ಎಂದು ಬೆಳಗ್ಗೆ ನಾವು ಬರೆದದ್ದು ತಪ್ಪು. ತೆರೆದಿರುವುದು ಜಲಪಾತದ ಮೇಲಿನ ಕೊಳ ಮಾತ್ರ. ಅಲ್ಲಿಗೆ ಹೋದವರ ಪರಿಚಯ ಇದ್ದರೆ ಈಗಲೇ ಹೇಳಿ.

ಹಾಳೆಯ ಒಂದು ನಿಯಮವೂ ಅದರಲ್ಲಿ ಉಳಿದಿರಲಿಲ್ಲ. ನನಗೆ ಓದಿಸಿದಳು. "ಟಾಪ್ ಪೂಲ್ ಅಂದ್ರೆ ಜಲಪಾತದ ಬುಡದ್ದು ಅಂತಾನೂ ಸೇರಿಸು," ಎಂದೆ. ಸೇರಿಸಿ, ಎಲ್ಲಕ್ಕಿಂತ ಮೇಲೆ ನಿಲ್ಲುವಂತೆ ಹಾಕಿದಳು. ಆಮೇಲೆ ಬೆಳಗಿನದನ್ನು ಹಂಚಿಕೊಂಡಿದ್ದ ಪ್ರತಿ ಗುಂಪಿಗೂ ಇದನ್ನು ಕಳಿಸುತ್ತ ಕೂತಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಅವತ್ತು ಆ ಮಾತನ್ನು ಇನ್ನೂರು ಜನ ಎತ್ತಿಕೊಂಡು ಊರೆಲ್ಲ ಹಂಚಿದ್ದರು. ಎಲ್ಲಿಂದ ಅಂತ ಹೆಕ್ಕುವುದು? ಬ್ರೈಡೀ ಮತ್ತೆ ಫೋನ್ ಮಾಡಿದಳು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಪ್ರವಾಸಿ ಬಸ್ಸಿನವರಿಗೆಲ್ಲ ತಾನು ಒಬ್ಬೊಬ್ಬರಿಗೇ ಫೋನ್ ಮಾಡುತ್ತಿದ್ದೇನೆ ಎಂದು ಹೇಳಿ ಇಟ್ಟಳು.

ಆಮೇಲೆ ಕಾಯುವುದು. ಅಷ್ಟು ಹೊತ್ತು ಹೇಗೆ ಕಳೆಯಿತೋ ದೇವರೇ ಬಲ್ಲ. ಸಂತೆಯಲ್ಲಿ ಯಾರೋ ಗಿಟಾರ್ ಬಾರಿಸುತ್ತಿದ್ದರು, ಮಾವಿನ ಸ್ಮೂದಿ ಮಾಡುವ ಮಿಕ್ಸಿ ಗರ್ರ್ ಎನ್ನುತ್ತಿತ್ತು. ಆ ಸದ್ದಿಗೆ ಪ್ರತಿ ಸಲವೂ ಅವಳು ಬೆಚ್ಚುತ್ತಿದ್ದಳು. ಕಾರು ಹತ್ತಿ ಹೋಗೋಣ ಎಂದಳು. ನಾವು ಅಲ್ಲಿಗೆ ಮುಟ್ಟುವುದರೊಳಗೆ ಆಗುವುದು ಆಗಿಹೋಗಿರುತ್ತಿತ್ತು. ಸಿಗ್ನಲ್ ಇಲ್ಲದ ಕಡೆ ಹೋದರೆ ಸುದ್ದಿಯೂ ಸಿಗುತ್ತಿರಲಿಲ್ಲ. ಹಾಗಾಗಿ ಕೂತೆವು.

"ಸ್ಟಾವ್ರೋಸ್ ಬೋರ್ಡ್ ಓದ್ತಾನೆ ಅಲ್ವಾ?" ಎಂದಳು. ಸ್ಟಾವ್ರೋಸ್ ಕಲಿಯೋಪಿಯ ಗಂಡ, ಶಾಲೆಯ ಮೇಷ್ಟ್ರು.

"ಓದ್ತಾನೆ ಕಣೇ. ಮೇಷ್ಟ್ರಲ್ವಾ?"

"ಓದಿ, ನಮ್ಮ ಥಿಯಾ ತೆರೆದಿದೆ ಅಂತ ಬರೆದಿದಾಳಲ್ಲ, ಇದು ಹಳೇ ಬೋರ್ಡು ಅಂದ್ಕೊಂಡ್ರೆ?"

ಹೌದು, ಹಾಗೇ ಅಂದುಕೊಳ್ಳುತ್ತಾರೆ. ನಾನಾಗಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆ.

"ಚಿಕ್ಕೋನು ಮೊದಲು ಇಳೀತಾನೆ, ಲೂರ್ದೆಸ್. ಇರೀನಿ ತಮ್ಮ, ನಿಕಿಟಾಸು. ಅವನಿಗೆ ಭಯ ಅನ್ನೋದೇ ಇಲ್ಲ. ಎಲ್ಲರ ಪಾಲಿಂದೂ ನನಗೇ ಬಂದುಬಿಡ್ತು." ಡಾರ್ವಿನ್‌ನ ಬಿಸಿಲಲ್ಲಿ ಅವಳಿಗೆ ಚಳಿ ಹಿಡಿದಿತ್ತು. ನಾನು ಅವಳ ಎರಡೂ ಕೈ ಹಿಡಿದುಕೊಂಡೆ. ದೇವರನ್ನು ನಂಬದ ನಾನು ಅಮ್ಮ ಕಲಿಸಿದ ಪ್ರಾರ್ಥನೆಯನ್ನು ಅರ್ಧಂಬರ್ಧ ಹೇಳಿಕೊಂಡೆ.

ಸಂತೆಯವರು ಮೇಜು ಮಡಚುವ ಹೊತ್ತಿಗೆ ವಾರ್ವಿಕ್‌ನ ಫೋನ್ ಬಂತು. ಅವನ ಉಸಿರು ಇನ್ನೂ ಏರುತ್ತಿತ್ತು.

"ಎಲ್ಲರನ್ನೂ ಹೊರಗೆ ಹಾಕಿದೀನಿ. ಎಣಿಸಿದೆ, ಅವರವರ ಮನೆಯವ್ರನ್ನ ಅವರೂ ಎಣಿಸ್ಕೊಂಡ್ರು. ಯಾರಿಗೂ ಏನೂ ಆಗಿಲ್ಲ."

ಡೆಸ್ಪಿನಾ ನನ್ನ ಫೋನಿಗೆ ಕಿವಿ ಹಚ್ಚಿದಳು.

"ನೀರಲ್ಲಿದ್ರಾ?" ಎಂದು ಕೇಳಿದೆ.

"ಇದ್ರಾ ಅಂತೀರಲ್ಲ. ಹೋದಾಗ ಜಾತ್ರೆ ಇದ್ದಂಗಿತ್ತು. ಟೇಪ್ ಕೆಳಗೆ ಬಿದ್ದಿತ್ತು, ಬೋರ್ಡಿಗೆ ಯಾರೋ ಟವೆಲ್ ಒಣಗಾಕಿದ್ರು. ಹೊರಗೆ ಬನ್ನಿ ಅಂದ್ರೆ ಒಬ್ಬ ನನ್ನ ಜೊತೇನೇ ಜಗಳಕ್ಕೆ ಬಂದ. ಫೋನ್ ತೆಗೆದು ನಿಮ್ಮ ಪೋಸ್ಟಿನ ಸ್ಕ್ರೀನ್‌ಶಾಟ್ ತೋರಿಸಿದ ನಂಗೆ. 'ಇಲ್ಲಿ ಬರೆದಿದೆಯಲ್ರೀ' ಅಂದ." ವಾರ್ವಿಕ್ ದನಿ ತಗ್ಗಿಸಿದ. "ತಪ್ಪು ನಂದೂ ಇದೆ. ಊರವ್ರು ಕರೆಯೋ ಆ ಹೆಸರು ನಂಗೂ ಗೊತ್ತು, ಕಾಗದದಲ್ಲಿ ಮಾತ್ರ ನಾವು ಯಾವತ್ತೂ ಬರೆಯಲ್ಲ."

ಸೋಮವಾರ ಬೆಳಗ್ಗೆ ಬೋನಿಗೆ ಮೊಸಳೆ ಬಿತ್ತು. ಗಂಡು, ನಮ್ಮ ಕಚೇರಿಯ ಸೋಫಾಕ್ಕಿಂತ ಉದ್ದ. ವಾರ್ವಿಕ್ ಫೋನ್ ಮಾಡಿ ಸುದ್ದಿ ಹೇಳಿದ. ಶನಿವಾರವೂ ಅದು ಅಲ್ಲೇ ಇತ್ತೇ ಎಂದು ಯಾರೂ ಕೇಳಲಿಲ್ಲ.

ಬ್ರೈಡೀ ಹಾಳೆಯನ್ನು ಮತ್ತೆ ಬರೆದಳು. ಈಜುವ, ದಾಟುವ, ಕುಡಿಯುವ ನೀರಿನ ಬಗ್ಗೆ ಗಾಲಾ ಇನ್ನು ಒಂದು ಪದವನ್ನೂ ಬರೆಯುವ ಹಾಗಿಲ್ಲ. ರೇಂಜರ್ ಬರೆದದ್ದನ್ನು ಇದ್ದದ್ದು ಇದ್ದ ಹಾಗೆ ಹಾಕಬೇಕು, ಮುಚ್ಚಿರುವುದನ್ನೂ ಸೇರಿಸಿ. ಒಂದು ಜಾಗಕ್ಕೆ ಎಷ್ಟು ಹೆಸರಿದ್ದರೂ ನಕ್ಷೆಯ ಮೇಲೆ ಒಂದೇ ಚುಕ್ಕಿ, ಪರೀಕ್ಷಿಸುವವರು ಮಾತನ್ನು ಮಾತಿನ ಜೊತೆಗಲ್ಲ, ಆ ಚುಕ್ಕಿಯ ಜೊತೆ ಹೋಲಿಸಬೇಕು. ಆ ಜಾಗದ ನೆಲ ಮೆಟ್ಟಿದವರೊಬ್ಬರು ಕೊನೆಗೊಮ್ಮೆ ಓದಬೇಕು. ಹ್ಯಾನ್‌ಲನ್‌ನ ಮಟ್ಟಿಗೆ ಆ ಒಬ್ಬರು ನಾನು. ಒಳ್ಳೆಯ ನಿಯಮಗಳೇ.

ಡೆಸ್ಪಿನಾ ಕೆಲಸ ಬಿಡುತ್ತಾಳೆ ಎಂದು ನಾನು ತಿಳಿದಿದ್ದೆ. ಬಿಡಲಿಲ್ಲ. ಆದರೆ ಆ ಸೋಮವಾರ ಮಧ್ಯಾಹ್ನದವರೆಗೂ ಪರದೆ ತೆರೆಯಲಿಲ್ಲ. ಕೊನೆಗೆ ನಾನು ಕುರ್ಚಿ ಎಳೆದು ಪಕ್ಕದಲ್ಲಿ ಕೂತೆ, ಅವಳು ತೆರೆದಳು.

ನಮ್ಮ ಕಚೇರಿಯ ಹೆಸರು ಹಚ್ಚಿ ಜನ ಕಳಿಸಿದ ಫೋಟೋಗಳು ತಾವಾಗಿಯೇ ಒಂದು ಕಡೆ ಬಂದು ಬೀಳುತ್ತವೆ. ಗಾಲಾ ಅವಕ್ಕೆ ಸಾಲು ಬರೆದಿಟ್ಟು ಕಾಯುತ್ತಿರುತ್ತದೆ. ಹೊಸ ಹಾಳೆಯನ್ನು ಅದಕ್ಕಿನ್ನೂ ತಿನ್ನಿಸಿರಲಿಲ್ಲ. ಮೊದಲನೆಯದೇ ಸ್ಟಾವ್ರೋಸ್‌ನದು, ಶನಿವಾರ ವಾರ್ವಿಕ್ ಬರುವ ಮೊದಲು ಕೊಳದಲ್ಲೇ ಕಳಿಸಿ, ಸಿಗ್ನಲ್ ಸಿಕ್ಕ ಮೇಲೆ ತಾನಾಗಿ ಹೋದದ್ದು. ನಿಕಿಟಾಸ್ ಮೊಣಕಾಲು ನೀರಲ್ಲಿ ನಿಂತು ಹಲ್ಲು ಕಿರಿದಿದ್ದಾನೆ. ಇರೀನಿ ಸೊಂಟದ ತನಕ ಇಳಿದಿದ್ದಾಳೆ, ಕ್ಯಾಮೆರಾದ ಕಡೆ ಎರಡೂ ಕೈ ಚಾಚಿದ್ದಾಳೆ, ನೀನೂ ಬಾ ಅನ್ನುವ ಹಾಗೆ. ಹಿಂದೆ ಕಪ್ಪು ನೀರು, ಅದರ ಮೇಲೆ ಬೋನಿನ ಕಿತ್ತಳೆ ಬೆಂಡು ತೇಲುತ್ತಿದೆ.

ಕೆಳಗೆ ಗಾಲಾ ಬರೆದಿತ್ತು: "ಪುಟ್ಟ ಪಾದ, ತಂಪು ನೀರು. ನಮ್ಮೂರ ಮಕ್ಕಳಿಗೆ ಟಾಪ್ ಪೂಲ್‌ಗಿಂತ ಸುರಕ್ಷಿತ ಅಂಗಳ ಬೇರೆಲ್ಲಿದೆ?"

ಉದ್ಗಾರ ಚಿಹ್ನೆ ಇರಲಿಲ್ಲ.

ಡೆಸ್ಪಿನಾ ತುಂಬ ಹೊತ್ತು ಆ ಮಗುವಿನ ಚಾಚಿದ ಕೈಗಳನ್ನೇ ನೋಡಿದಳು. ಆಮೇಲೆ 'ತಿರಸ್ಕರಿಸು' ಒತ್ತಿದಳು. ಕಾರಣ ಬರೆಯಿರಿ ಎಂದು ಪರದೆ ಕೇಳಿತು. ದನಿ ತಪ್ಪು, ಸಂಗತಿ ತಪ್ಪು ಎಂದು ಒಂದೆರಡು ಪದದಲ್ಲಿ ಮುಗಿಸುವುದು ನಮ್ಮ ರೂಢಿ. ಅವಳು ಎರಡು ಬೆರಳಲ್ಲಿ ನಿಧಾನವಾಗಿ ಕುಟ್ಟಿದಳು: "ಈ ಮಕ್ಕಳನ್ನು ನೀರಿಗೆ ಇಳಿಸಿದವಳು ನಾನು."

ಅದನ್ನು ಅಳಿಸು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅವಳು ಮುಂದಿನ ಚಿತ್ರ ತೆರೆದು, ಹಳದಿ ಬಳಿಯತೊಡಗಿದಳು.